ಸೊಲ್ಲಾಪುರದ ಚಾದರ ಒಂದೇ ಹಾಕಿದಾಗ

"ಈ ವಯಸ್ಸಲ್ಲಿ ನಿಮ್ಮತ್ತೆಗೆ ಯಾಕ್ರೀ ವಾಷಿಂಗ್ ಮಷಿನ್ ಕಲಿಸೋ ಕಷ್ಟ? ನೀವೇ ಬಟನ್ ಒತ್ತಿಬಿಟ್ರೆ ಆಗಲ್ವಾ?"

ಆಗಲ್ಲ. ಬೆಳಿಗ್ಗೆ ಡೊಂಬಿವಲಿಯಲ್ಲಿ ಮುಂಬೈ ಲೋಕಲ್ ರೈಲು ಹತ್ತಿದರೆ ನಾನು ಮನೆಗೆ ಬರುವುದು ಕತ್ತಲಾದ ಮೇಲೆ. ಅದೂ ಅಲ್ಲದೆ, ಕಲಿಯಬೇಕು ಅಂದವರು ಅತ್ತೆಯೇ. "ಪಾಪ, ಅವರಿಗೆಲ್ಲಿ ಗೊತ್ತಾಗುತ್ತೆ" ಎಂದು ಅವರ ಎದುರಿಗೇ ಹೇಳುತ್ತೀರಲ್ಲ, ಅದು ನನಗೆ ಸಿಟ್ಟು ತರಿಸುತ್ತದೆ.

ಕಲಿಸಿದ್ದು ನನ್ನ ಮಗಳು. ಹೇಗೆ ಕಲಿಸಿದಳು ಅಂತ ಕೇಳಿ, ಖುಷಿಯಿಂದ ಹೇಳುತ್ತೇನೆ.

ಅವಳು ಒಂದು ಬಟನ್ನನ್ನೂ ತಾನು ಮುಟ್ಟಲಿಲ್ಲ. ಅಜ್ಜಿ ಒತ್ತುವವರೆಗೂ ಪಕ್ಕದಲ್ಲಿ ಸುಮ್ನೆ ನಿಂತಳು. ಒಂದು ದಿನ ಅತ್ತೆ ಸೊಲ್ಲಾಪುರದ ಚಾದರವೊಂದನ್ನೇ ಹಾಕಿದರು. ಒಗೆದಿದ್ದೆಲ್ಲ ಸರಿಯಾಯಿತು. ಹಿಂಡುವ ಹೊತ್ತಿಗೆ ಮಷಿನ್ ಧಡ್ ಧಡ್ ಅಂದು ನಿಂತಿತು. ಮತ್ತೆ ನಿಧಾನಕ್ಕೆ ತಿರುಗಿತು, ಮತ್ತೆ ನಿಂತಿತು. 9 ನಿಮಿಷ ಅಂತ ತೋರಿಸುತ್ತಿದ್ದದ್ದು ಕೆಳಗಿಳಿಯಲೇ ಇಲ್ಲ. "ಕೆಟ್ಟೋಯ್ತು ಕಣೇ" ಎಂದು ಅತ್ತೆ ಗಾಬರಿಯಾದರು.

"ಕೆಟ್ಟಿಲ್ಲ ಅಜ್ಜಿ. ಚಾದರ ನೀರು ಕುಡಿದು ಮುದ್ದೆಯಾಗಿ ಒಂದೇ ಕಡೆ ಕೂತಿದೆ. ಹಿಂಡುವಾಗ ಡ್ರಮ್ ನಿಮಿಷಕ್ಕೆ ಸಾವಿರ ಸುತ್ತು ತಿರುಗಬೇಕು. ಭಾರ ಒಂದೇ ಕಡೆ ಇದ್ದರೆ ಮಷಿನ್ನೇ ಕುಣಿದುಬಿಡುತ್ತೆ. ಅದಕ್ಕೇ ಮೊದಲು ನಿಧಾನಕ್ಕೆ ತಿರುಗಿ ನೋಡುತ್ತೆ. ಸರಿ ಇಲ್ಲ ಅನ್ನಿಸಿದರೆ ನಿಂತು, ಬಟ್ಟೆ ಹರಡೋಕೆ ನೋಡುತ್ತೆ."

ಅತ್ತೆ ಸ್ವಲ್ಪ ಯೋಚಿಸಿದರು. "ಒಂದೇ ಕಂಕುಳಲ್ಲಿ ತುಂಬಿದ ಕೊಡ ಇಟ್ಟು ನಡೆದ ಹಾಗೆ, ಅಲ್ವಾ?"

"ಹಾಗಾದ್ರೆ ಏನು ಮಾಡೋಣ?" ಮಗಳು ಉತ್ತರ ಹೇಳಲಿಲ್ಲ, ಕಾದಳು.

ಭಾರ ಜಾಸ್ತಿಯಾಗಿ ನಿಂತರೆ ಯಾರಾದರೂ ಬಟ್ಟೆ ತೆಗೆಯುತ್ತಾರೆ. ಅತ್ತೆ ಇನ್ನೊಂದು ಕಡೆಗೂ ಭಾರ ಹಾಕಬೇಕು ಅಂದರು! ಮಷಿನ್ ನಿಲ್ಲಿಸಿದರು. ನೀರು ಪೂರ್ತಿ ಹೋಗಿ, ಬಾಗಿಲಿನ ಲಾಕ್ ಟಕ್ ಅನ್ನುವವರೆಗೆ ಎಳೆಯಲಿಲ್ಲ. ಚಾದರವನ್ನು ಬಿಡಿಸಿ ಸಡಿಲ ಮಾಡಿ, ಜೊತೆಗೆ ದಪ್ಪ ಟವೆಲುಗಳನ್ನು ಒದ್ದೆ ಮಾಡಿ ಹಾಕಿದರು. ಬರೀ ಹಿಂಡುವುದನ್ನು ಆರಿಸಿ ಒತ್ತಿದರು. ಈ ಸಲ ತಡೆಯಿಲ್ಲದೆ ತಿರುಗಿತು. ಹಾಗಂತ ಡ್ರಮ್ ತುಂಬಾ ತುರುಕಬಾರದು, ಮೇಲೆ ಒಂದು ಕೈ ಹಿಡಿಸುವಷ್ಟು ಜಾಗ ಇರಲೇಬೇಕು.

ನಮ್ಮ ಕಡೆ ಜುಲೈ ಮಳೆಯಲ್ಲಿ ಇದು ಸಣ್ಣ ವಿಷಯ ಅಲ್ಲ. ಸರಿಯಾಗಿ ಹಿಂಡದ ಚಾದರ ದಿನಗಟ್ಟಲೆ ಒಣಗದೆ ಮುಗ್ಗಲು ವಾಸನೆ ಹೊಡೆಯುತ್ತದೆ.

ಮೊನ್ನೆ ಪಕ್ಕದ ಮನೆಯವರು ಮಷಿನ್ ಹಿಂಡುತ್ತಿಲ್ಲ ಅಂತ ಮೆಕ್ಯಾನಿಕ್‌ಗೆ ಫೋನ್ ಮಾಡಲು ಹೊರಟಿದ್ದರು. ಅತ್ತೆ ತಮ್ಮ ಮರಾಠಿಯಲ್ಲಿ ತಡೆದು, ಒಳಗೆ ಏನು ಹಾಕಿದ್ದೀರಿ ಎಂದು ಕೇಳಿದರು. ಒಂದೇ ಒಂದು ದಪ್ಪ ಬಾತ್‌ರೂಮ್ ಮ್ಯಾಟ್.