ಒಂಟಿ ಗೋಡೆಯ ಪೆಟ್ಟಿಗೆ ಮತ್ತು ದೊಡ್ಡಪ್ಪನ ಪ್ರಶ್ನೆ

17 ಆಗಸ್ಟ್ 2025, ಭಾನುವಾರ

ನನ್ನ 3ಡಿ ಪ್ರಿಂಟರಿನಲ್ಲಿ ಪಿಎಲ್‌ಎ ಪ್ಲಾಸ್ಟಿಕ್ ತಂತುವಿನ ಹೊಸ ಸುರುಳಿಯಿಂದ ಮುದ್ರಿಸಿದ ಡಬ್ಬಿಗೆ ಅದರ ಮುಚ್ಚಳ ಬಿಗಿಯಾಗಿ ಕೂರುತ್ತಿದೆ. ಹಳೆಯ ಸುರುಳಿಯಲ್ಲಿ ಅದೇ ಕಡತ ಸಲೀಸಾಗಿ ಕೂಡಿಕೊಂಡಿತ್ತು. ಮಾದರಿಯನ್ನು ಪದರಗಳಾಗಿ ಸೀಳಿ ಯಂತ್ರಕ್ಕೆ ಆಜ್ಞೆ ಬರೆದುಕೊಡುವ ಸ್ಲೈಸರ್ ತಂತ್ರಾಂಶವು ತಂತುವಿನ ವ್ಯಾಸವನ್ನು 1.75 ಮಿ.ಮೀ. ಎಂದು ನಂಬಿ ಲೆಕ್ಕ ಹಾಕುತ್ತದೆ, ಆದರೆ ಹೊರಬೀಳುವ ಪ್ಲಾಸ್ಟಿಕ್ಕಿನ ಪ್ರಮಾಣವು ವ್ಯಾಸದ ವರ್ಗವನ್ನು ಅನುಸರಿಸುವುದರಿಂದ, ತಂತು 1.78 ಇದ್ದರೂ ಸಾಕು, ಶೇಕಡಾ 3.5ರಷ್ಟು ಹೆಚ್ಚುವರಿ ಪ್ಲಾಸ್ಟಿಕ್ ಬಂದು ಬೀಳುತ್ತದೆ. ಹಾಗಾಗಿ ಹೊರಬೀಳುವ ಪ್ಲಾಸ್ಟಿಕ್ಕನ್ನು ಹೆಚ್ಚು ಕಡಿಮೆ ಮಾಡುವ ಗುಣಕವಾದ `Extrusion multiplier` ಅನ್ನು ಈ ಸುರುಳಿಗೆಂದೇ ಹೊಂದಿಸಲು ಕುಳಿತೆ.

ವಿಧಾನ ಗೊತ್ತಿರುವುದೇ. 40 ಮಿ.ಮೀ. ಘನವನ್ನು `Spiral vase` ಕ್ರಮದಲ್ಲಿ ಮುದ್ರಿಸಿದರೆ ತಳದ ಮೇಲೆ ಒಂದೇ ಎಳೆಯ ನಾಲ್ಕು ಗೋಡೆಗಳು ಏಳುತ್ತವೆ. 0.4ರ ನಳಿಕೆ, 0.2ರ ಪದರ, ಹೊರಗೋಡೆಯ ಅಗಲವನ್ನು ಸ್ಲೈಸರ್‌ಗೆ ಬಿಡದೆ ನಾನೇ 0.45 ಎಂದು ನಮೂದಿಸಿದ್ದೆ, ಏಕೆಂದರೆ ಗುರಿ ಎಷ್ಟೆಂದು ತಿಳಿಯದಿದ್ದರೆ ಅಳತೆಗೆ ಅರ್ಥವಿರುವುದಿಲ್ಲ. ಮೂಲೆಗಳಲ್ಲಿ ನಳಿಕೆ ನಿಧಾನಿಸುವಾಗ ಎಳೆ ಉಬ್ಬುತ್ತದೆ, ತಳದ ಹತ್ತಿರದ ಪದರಗಳು ಒತ್ತಿ ಅಗಲವಾಗಿರುತ್ತವೆ. ಆದ್ದರಿಂದ ಪ್ರತಿ ಗೋಡೆಯ ನಡುವೆ, ಅರ್ಧ ಎತ್ತರದಲ್ಲಿ ಕ್ಯಾಲಿಪರ್ ಹಿಡಿದೆ. 0.47, 0.49, 0.48, 0.46. ಸರಾಸರಿ 0.475. ಈಗಿನ ಗುಣಕ 1.00; ಅದನ್ನು ಗುರಿಯಿಂದ ಗುಣಿಸಿ ಅಳತೆಯಿಂದ ಭಾಗಿಸಿದರೆ ಹೊಸ ಗುಣಕ.

```
1.00 × 0.45 / 0.475 = 0.947
```

ಇಷ್ಟು ಬರೆದುಕೊಳ್ಳುವಷ್ಟರಲ್ಲಿ ದೊಡ್ಡಪ್ಪ ಪಕ್ಕದಲ್ಲಿ ಬಂದು ಕುಳಿತಿದ್ದರು. ಪೀಣ್ಯದಲ್ಲಿ ಲೇತ್ ಮುಂದೆ ಆಯುಷ್ಯ ಕಳೆದವರಿಗೆ ನನ್ನ ಯಂತ್ರದ ಬಗ್ಗೆ ಆಸಕ್ತಿಯೇನೂ ಇಲ್ಲ, ಆದರೆ ಯಾರಾದರೂ ಅಳೆಯುತ್ತಿದ್ದರೆ ಸುಮ್ಮನಿರಲಾರರು.

"ಆ ವರ್ನಿಯರ್ ಎಷ್ಟು ತಪ್ಪು ತೋರಿಸಬಹುದು ಅಂತ ಅದರ ಕಾಗದದಲ್ಲಿ ಬರೆದಿದಾರೆ?" ಎಂದರು.

"0.02 ದೊಡ್ಡಪ್ಪ, ಆಚೆ ಈಚೆ."

"ಅರ್ಧ ಮಿಲಿಮೀಟರೂ ಇಲ್ಲದ ಗೋಡೆ. ಎರಡನೇ ಅಂಕಿಯನ್ನೇ ಅದು ಗಟ್ಟಿಯಾಗಿ ಹೇಳ್ತಿಲ್ಲ, ನೀನು ಮೂರನೇ ಅಂಕಿ ಬರ್ಕೊಂಡು ಕೂತಿದೀಯಲ್ಲೋ."

ಲೆಕ್ಕ ಹಾಕಿ ನೋಡಿದೆ. ನಿಜವಾದ ದಪ್ಪ 0.455 ಆಗಿದ್ದರೆ ಗುಣಕ 0.99; 0.495 ಆಗಿದ್ದರೆ 0.91. ಅಂದರೆ ಸುರುಳಿ ಬಹುಪಾಲು ಸರಿಯಿದೆ ಎಂಬುದಕ್ಕೂ ಶೇಕಡಾ 9ರಷ್ಟು ಕಡಿತ ಬೇಕು ಎಂಬುದಕ್ಕೂ ನನ್ನ ಅಳತೆಯಲ್ಲಿ ಜಾಗವಿದೆ. ಸರಾಸರಿ ತೆಗೆದರೆ ಕೈಯ ಅಲುಗಾಟ ತಗ್ಗುತ್ತದೆ ನಿಜ, ಆದರೆ ಉಪಕರಣವೇ ಒಂದು ಕಡೆಗೆ ವಾಲಿದ್ದರೆ ಎಷ್ಟು ಸಲ ಅಳೆದರೂ ಅದೇ ವಾಲು ಉಳಿಯುತ್ತದೆ.

"ಕಾಗದದ ದಪ್ಪ ಬೇಕು ಅಂದ್ರೆ ಒಂದೇ ಹಾಳೆ ಹಿಡೀತಾರೇನೋ? ಕಟ್ಟು ಹಿಡಿದು ಭಾಗಿಸ್ತಾರೆ."

ಗೋಡೆಗಳ ನಡುಭಾಗದಿಂದ ನಾಲ್ಕು ಚೌಕಗಳನ್ನು ಕತ್ತರಿಸಿ, ಅಂಚಿನ ಸಿಬಿರು ತೆಗೆದು ಒಂದರ ಮೇಲೊಂದು ಜೋಡಿಸಿದೆವು. ಇಲ್ಲಿ ಒಂದು ಸೂಕ್ಷ್ಮವಿದೆ. ಪದರಗಳ ಏಣುಗಳು ಎಲ್ಲ ತುಂಡುಗಳಲ್ಲೂ ಒಂದೇ ದಿಕ್ಕಿಗಿದ್ದರೆ ಒಂದರ ಏಣು ಇನ್ನೊಂದರ ಕುಳಿಯಲ್ಲಿ ಕೂತು, ಕಟ್ಟು ತೆಳ್ಳಗೆ ಕಾಣಿಸುತ್ತದೆ. ಆದ್ದರಿಂದ ಒಂದು ಬಿಟ್ಟು ಒಂದನ್ನು ಅಡ್ಡಡ್ಡ ತಿರುಗಿಸಬೇಕು. ಆಗ ಏಣಿಗೆ ಏಣು ತಾಗುತ್ತದೆ, ಸ್ಲೈಸರ್ ಹೇಳುವ 0.45 ಕೂಡ ಎಳೆ ಅತ್ಯಂತ ಉಬ್ಬಿರುವ ಕಡೆಯ ಅಗಲವೇ. ಒತ್ತಡವೂ ಹದವಾಗಿರಬೇಕು, ಇಲ್ಲದಿದ್ದರೆ ಪ್ಲಾಸ್ಟಿಕ್ ಬಾಗುತ್ತದೆ. ಕಟ್ಟು 1.92 ತೋರಿಸಿತು, ತುಂಡಿಗೆ 0.48. ಈಗ ಅದೇ 0.02ರ ತಪ್ಪು ನಾಲ್ಕು ಪಾಲಾಗಿ ಒಂದು ಗೋಡೆಗೆ 0.005 ಮಾತ್ರ ಉಳಿಯುತ್ತದೆ, ಗುಣಕ 0.93ಕ್ಕೂ 0.95ಕ್ಕೂ ನಡುವೆ ಎಲ್ಲೋ ಇದೆ ಎಂದು ಧೈರ್ಯವಾಗಿ ಹೇಳಬಹುದು.

ನನ್ನನ್ನು ಹಿಂದೆ ಕಾಡುತ್ತಿದ್ದ ಇನ್ನೊಂದು ಸಂಶಯವೂ ಇದರಿಂದ ತಣ್ಣಗಾಯಿತು. ನಾನು ಬಳಸುವ ಸ್ಲೈಸರ್ ಆದ ಪ್ರುಸಾಸ್ಲೈಸರ್ ಎಳೆಯನ್ನು ಆಯತವೆಂದಲ್ಲ, ಎರಡೂ ತುದಿ ದುಂಡಗಿರುವ ಆಕಾರವೆಂದು ಭಾವಿಸುತ್ತದೆ. ಆದ್ದರಿಂದ ಪ್ಲಾಸ್ಟಿಕ್ ಶೇಕಡಾ 5 ಹೆಚ್ಚಿದರೆ ಅಗಲ ಸುಮಾರು 4.5 ಮಾತ್ರ ಹೆಚ್ಚುತ್ತದೆ, ನೇರ ಭಾಗಾಕಾರ ತುಸು ಕಡಿಮೆ ತಿದ್ದುತ್ತದೆ. ನನ್ನ ಅಳತೆಗೆ ಆ ಆಕಾರವನ್ನು ಲೆಕ್ಕಕ್ಕೆ ಹಿಡಿದರೆ 0.931, ಹಿಡಿಯದಿದ್ದರೆ 0.938. ಕ್ಯಾಲಿಪರಿನ ಅನಿಶ್ಚಿತತೆಯ ಒಳಗೇ ಮುಳುಗುವ ವ್ಯತ್ಯಾಸ; ಇದಕ್ಕೆ ತಲೆ ಕೆಡಿಸಿಕೊಳ್ಳುವುದು ಬೇಡವೆನಿಸಿ 0.94 ಇಟ್ಟೆ.

ಆದರೂ ಒಂಟಿ ಗೋಡೆಗೆ ಪಕ್ಕದಲ್ಲಿ ಯಾರೂ ಇಲ್ಲ, ಅದು ಎರಡೂ ಕಡೆಗೆ ನಿರಾತಂಕವಾಗಿ ಹರಡಬಹುದು. ಡಬ್ಬಿಯ ಮೇಲ್ಮೈಯಲ್ಲಿ ಎಳೆಗಳು ಒಂದನ್ನೊಂದು ಒತ್ತಿಕೊಂಡು ಬೀಳುತ್ತವೆ. ಅಲ್ಲಿ ಹೆಚ್ಚಾದದ್ದು ನಳಿಕೆಯ ಹಿಂದೆ ಏಣಾಗಿ ಏಳುತ್ತದೆ, ಕಡಿಮೆಯಾದದ್ದು ಎಳೆಗಳ ನಡುವೆ ಸೀಳಾಗಿ ಕಾಣುತ್ತದೆ. ಆದ್ದರಿಂದ 0.93, 0.94, 0.95ಕ್ಕೆ ಒಂದೊಂದು ಚಪ್ಪಟೆ ಬಿಲ್ಲೆಯನ್ನು ಮುದ್ರಣಕ್ಕೆ ಹಾಕಿದ್ದೇನೆ. ದೊಡ್ಡಪ್ಪ ಈಗ ಮೈಕ್ರೋಮೀಟರ್ ತರಿಸು ಎನ್ನುತ್ತಿದ್ದಾರೆ, ಆದರೆ ಅದರ ಅಗಲವಾದ ಮೂತಿ ಹತ್ತಾರು ಪದರಗಳ ಮೇಲೆ ಒಮ್ಮೆಗೇ ಕೂರುವುದರಿಂದ ಅವುಗಳಲ್ಲಿ ಅತಿ ಎತ್ತರದ ಏಣನ್ನಷ್ಟೇ ಹೇಳುತ್ತದೆ.