‘ಕೋಲು, ಮೇಡಂ’

ಈ ವಾರ ಒಂದೇ ಒಂದು ಮಾತು ತಲೆಯಲ್ಲಿ ಸುತ್ತುತ್ತಿದೆ. ಸಿಪಾಯಿಯ ಕೈಯಲ್ಲಿ ಏನಿದೆ ಅಂತ ಕೇಳಿದ್ದಕ್ಕೆ ಹಿಂದಿನ ಬೆಂಚಿನ ಹುಡುಗ ಕೊಟ್ಟ ಉತ್ತರ: “ಕೋಲು, ಮೇಡಂ.”

ಇತಿಹಾಸದ ಪ್ರಶ್ನೆಪತ್ರಿಕೆಯಲ್ಲಿ ಒಂದು ಆಧಾರ ಕೊಟ್ಟು ಅದರ ಮೇಲೆ ಪ್ರಶ್ನೆ ಕೇಳುವ ಭಾಗಕ್ಕೆ ಈ ಸಲ ಪಠ್ಯದ ಉದ್ಧೃತ ಭಾಗ ಬೇಡ, ವ್ಯಂಗ್ಯಚಿತ್ರ ಕೊಡೋಣ ಅಂತ ತೀರ್ಮಾನವಾಗಿತ್ತು. 1857ರ ದಂಗೆಯ ಪಾಠಕ್ಕೆ ಲಂಡನ್ನಿನ ‘ಪಂಚ್’ ಪತ್ರಿಕೆಯ ಚಿತ್ರಕ್ಕಿಂತ ಒಳ್ಳೆಯದು ಸಿಗೋದು ಕಷ್ಟ. ‘ದಿ ಕ್ಲೆಮೆನ್ಸಿ ಆಫ್ ಕ್ಯಾನಿಂಗ್’, ಅಂದರೆ ಕ್ಯಾನಿಂಗನ ದಯೆ, ಅಂತ ಹೆಸರು, 24 ಅಕ್ಟೋಬರ್ 1857ರ ಸಂಚಿಕೆ. ಗವರ್ನರ್ ಜನರಲ್ ಕ್ಯಾನಿಂಗ್ ದೊಡ್ಡದಾಗಿ ನಿಂತಿದ್ದಾನೆ. ಪಕ್ಕದಲ್ಲಿ ಪುಟ್ಟ ಸಿಪಾಯಿ. ಅವನ ತಲೆ ಮೇಲೆ ಕ್ಯಾನಿಂಗ್ ಅಪ್ಪನ ಹಾಗೆ ಕೈ ಇಟ್ಟಿದ್ದಾನೆ. ಕೆಳಗೆ ಕ್ಯಾನಿಂಗ್ ಹೇಳುವ ಮಾತು: ಸರಿ ಹಾಗಾದರೆ, ಇವನನ್ನು ಆ ಕೆಟ್ಟ ತೋಪುಗಳ ಬಾಯಿಗೆ ಕಟ್ಟಿ ಹಾರಿಸೋದಿಲ್ಲ, ಆದರೆ ಒಳ್ಳೇ ಪುಟ್ಟ ಸಿಪಾಯಿಯಾಗಿ ಇರ್ತೀನಿ ಅಂತ ಇವನು ಮಾತು ಕೊಡಬೇಕು.

ಪರೀಕ್ಷೆಗೆ ಮೊದಲು ಒಂದು ಕ್ಲಾಸಿನಲ್ಲಿ ಕೊಟ್ಟು ನೋಡಿದೆ. “ಚಿತ್ರ ಏನು ಹೇಳುತ್ತೆ?” ಅಂದೆ.

“ಕ್ಯಾನಿಂಗ್ ಒಳ್ಳೆಯವನು, ಮೇಡಂ. ತಲೆ ಮೇಲೆ ಕೈ ಇಟ್ಟಿದಾನಲ್ಲ.”

“ಸಿಪಾಯಿ ಕೈಯಲ್ಲಿ ಏನಿದೆ?”

“ಕೋಲು, ಮೇಡಂ.”

ಕ್ಲಾಸು ನಗಲಿಲ್ಲ. ಯಾಕೆಂದರೆ ಎಲ್ಲರಿಗೂ ಕೋಲೇ ಕಂಡಿತ್ತು. ಮೂಲದಲ್ಲಿ ಅವನ ಒಂದು ಕೈಯಲ್ಲಿ ಬಿಚ್ಚುಗತ್ತಿ, ಇನ್ನೊಂದರಲ್ಲಿ ಬಾಕು, ಎರಡರಿಂದಲೂ ರಕ್ತ ತೊಟ್ಟಿಕ್ಕುತ್ತಿದೆ. ಆಫೀಸಿನ ಜೆರಾಕ್ಸ್ ಮಷೀನಿಂದ ಬಂದ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಚಿತ್ರದಲ್ಲಿ ರಕ್ತದ ಹನಿಗಳು ಕಪ್ಪಿನಲ್ಲಿ ಕರಗಿಹೋಗಿದ್ದವು. ಆ ಹನಿಗಳು ಹೋದರೆ ಚಿತ್ರದ ಕುಹಕವೇ ಹೋಗುತ್ತದೆ. ಉಳಿಯೋದು ಒಬ್ಬ ದಯಾಳು ದೊರೆ, ಒಬ್ಬ ಬಡಪಾಯಿ. ಹುಡುಗ ಕಂಡದ್ದನ್ನೇ ಹೇಳಿದ್ದ. ನಮ್ಮ ಮಕ್ಕಳಿಗೆ ಚಿತ್ರ ಓದೋಕೆ ಬರಲ್ಲ ಅಂತ ಸ್ಟಾಫ್ ರೂಮಿನಲ್ಲಿ ಗೊಣಗುವವರು ಒಮ್ಮೆ ಆ ಜೆರಾಕ್ಸನ್ನೂ ನೋಡಬೇಕು.

ಇದಕ್ಕೆ ನಮ್ಮ ಹಿರಿಯ ಸಹೋದ್ಯೋಗಿ ಸೂಚಿಸಿದ ಪರಿಹಾರ ಸುಲಭದ್ದು. ಚಿತ್ರದ ಕೆಳಗೆ ‘ಸಿಪಾಯಿಯ ಕತ್ತಿಯಿಂದ ರಕ್ತ ಸುರಿಯುತ್ತಿದೆ’ ಅಂತ ಒಂದು ಸಾಲು ಹಾಕಿಬಿಡಿ ಅಂದರು. ಹಾಕಬಹುದು. ಆದರೆ ಅದು ಮಕ್ಕಳು ತಾವೇ ಕಂಡುಕೊಳ್ಳಬೇಕಾದ ವಿಷಯ. ನಾವೇ ಬರೆದುಕೊಟ್ಟರೆ ಚಿತ್ರ ಯಾಕೆ ಬೇಕು? ಚಿತ್ರವನ್ನು ಅರ್ಧ ಪುಟಕ್ಕೆ ಹಿಗ್ಗಿಸಿ, ಕಪ್ಪು ಕಡಿಮೆ ಮಾಡಿ ಪ್ರಿಂಟ್ ಹಾಕಿಸೋಣ ಅಂತ ನಾನು ಹಟ ಹಿಡಿದೆ. ಪೇಪರ್ ಒಂದು ಹಾಳೆ ಜಾಸ್ತಿ ಆಗುತ್ತೆ ಅನ್ನೋದು ಆಫೀಸಿನವರ ಚಿಂತೆ.

ಆ ಹಿರಿಯ ಸಹೋದ್ಯೋಗಿ ಬರೆದಿದ್ದ ಪ್ರಶ್ನೆಗಳದ್ದು ಬೇರೆ ತಾಪತ್ರಯ. ‘ಕ್ಯಾನಿಂಗ್ ಯಾರು?’, ‘1857ರ ದಂಗೆಗೆ ಎರಡು ಕಾರಣ ಬರೆಯಿರಿ.’ ಒಳ್ಳೆಯ ಮನುಷ್ಯ, ಇಪ್ಪತ್ತು ವರ್ಷದಿಂದ ಇಂಥದ್ದೇ ಬರೆಯುತ್ತಿದ್ದಾರೆ. ನನಗೆ ಒಂದು ಸಣ್ಣ ಪರೀಕ್ಷೆ ಇದೆ. ಅಂಗೈಯಿಂದ ಚಿತ್ರ ಮುಚ್ಚಿ ಪ್ರಶ್ನೆ ಓದೋದು. ಆಗಲೂ ಉತ್ತರ ಬರೆಯೋಕೆ ಆದರೆ ಅದು ಆಧಾರದ ಪ್ರಶ್ನೆ ಅಲ್ಲ, ಚಿತ್ರ ಸುಮ್ನೆ ಅಲಂಕಾರಕ್ಕೆ ಕೂತಿದೆ. ಇನ್ನೊಂದು ತುದಿಯೂ ಉಂಟು. ‘ಚಿತ್ರದಲ್ಲಿ ಎಷ್ಟು ಜನರಿದ್ದಾರೆ?’ ಅನ್ನೋದಕ್ಕೆ ಇತಿಹಾಸವೇ ಬೇಡ. ಕಣ್ಣಿಗೆ ಕಂಡದ್ದು, ಪಾಠದಲ್ಲಿ ಕಲಿತದ್ದು, ಎರಡೂ ಸೇರಿದರೆ ಮಾತ್ರ ಉತ್ತರ ಹುಟ್ಟಬೇಕು.

ಅಂಥ ಪ್ರಶ್ನೆಯನ್ನು ಆ ಕ್ಲಾಸಿನಲ್ಲೇ ಒಬ್ಬಳು ಹುಡುಗಿ ಕೇಳಿದಳು. ಮೊಬೈಲಿನಲ್ಲಿ ಚಿತ್ರ ದೊಡ್ಡದು ಮಾಡಿ ರಕ್ತ ತೋರಿಸಿದ ಮೇಲೆ, ಸ್ವಲ್ಪ ಹೊತ್ತು ನೋಡಿ ಅಂದಳು: “ಮೇಡಂ, ಇದನ್ನ ಬರೆದೋರಿಗೆ ಸಿಟ್ಟು ಸಿಪಾಯಿ ಮೇಲೋ, ಕ್ಯಾನಿಂಗ್ ಮೇಲೋ?”

ಇದೇ ಬೇಕಾಗಿದ್ದದ್ದು. ಉತ್ತರಕ್ಕೆ ಪಾಠದ ವಿಷಯ ಬೇಕೇ ಬೇಕು. 31 ಜುಲೈ 1857ರಂದು ಕ್ಯಾನಿಂಗ್ ಸರ್ಕಾರ ಒಂದು ನಿರ್ಣಯ ಹೊರಡಿಸಿತು. ಸಿಪಾಯಿಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬೇಡಿ, ಕೊಲೆ ಮಾಡಿದ ದಳದವರು ಬೇರೆ, ಆಯುಧವಿಲ್ಲದೆ ಸಿಕ್ಕವರು ಬೇರೆ ಅನ್ನೋದು ಅದರ ತಿರುಳು. ಸುದ್ದಿ ಹಡಗಿನಲ್ಲಿ ಲಂಡನ್ ಮುಟ್ಟೋಕೆ ವಾರಗಟ್ಟಲೆ ಬೇಕು. ಅಲ್ಲಿಗೆ ಕಾನ್ಪುರದಲ್ಲಿ ನಡೆದ ಬ್ರಿಟಿಷರ ಕೊಲೆಗಳ ಸುದ್ದಿಯೂ ಹೋಗಿ ಜನ ಸೇಡು ಸೇಡು ಅನ್ನುತ್ತಿದ್ದರು. ದಯೆ ತೋರಿಸಿದ್ದಕ್ಕೇ ಕ್ಯಾನಿಂಗನಿಗೆ ‘ಕ್ಲೆಮೆನ್ಸಿ ಕ್ಯಾನಿಂಗ್’ ಅಂತ ಅಡ್ಡಹೆಸರು ಬಿತ್ತು. ಅದು ಹೊಗಳಿಕೆ ಅಲ್ಲ, ಹಂಗಿಸಿದ್ದು.

ಈಗ ಚಿತ್ರ ಮತ್ತೆ ನೋಡಿ. ನಿರ್ಣಯ ಮಾತಾಡಿದ್ದು ಆಯುಧವಿಲ್ಲದೆ ಸಿಕ್ಕವರ ಬಗ್ಗೆಯೂ. ಚಿತ್ರಕಾರ ಮಾತ್ರ ಸಿಪಾಯಿಯ ಎರಡೂ ಕೈಗೆ ರಕ್ತ ಸುರಿಯುವ ಆಯುಧ ಕೊಟ್ಟ. ದಯೆಗೆ ಅರ್ಹರಾಗಬಹುದಾಗಿದ್ದ ಸಿಪಾಯಿಗಳು ಚೌಕಟ್ಟಿನಿಂದ ಹೊರಗೇ ಉಳಿದರು. ಮೇಲ್ನೋಟಕ್ಕೆ ಅಣಕಿಸಿದ್ದು ಕ್ಯಾನಿಂಗನನ್ನು. ಆದರೆ ಸಿಪಾಯಿ ಎಂದರೆ ಕೊಲೆಗಾರ ಅನ್ನೋದು ಚರ್ಚೆಗೇ ಬರದೆ ಒಳಗೆ ಕೂತಿದೆ. ಹಾಗಾಗಿ ‘ಕ್ಯಾನಿಂಗ್ ಮೇಲೆ’ ಅಂದರೂ ಸರಿ, ‘ಇಬ್ಬರ ಮೇಲೂ’ ಅಂದರೂ ಸರಿ, ಚಿತ್ರದಿಂದ ಒಂದು ಪುರಾವೆ ತೋರಿಸಬೇಕು ಅಷ್ಟೇ.

ಮೌಲ್ಯಮಾಪನದಲ್ಲಿ ಎಡವಟ್ಟಾಗೋದು ಇಲ್ಲೇ. ಕೀ ಉತ್ತರದಲ್ಲಿ ‘ಕ್ಯಾನಿಂಗ್’ ಅಂತ ಒಂದೇ ಪದ ಇದ್ದರೆ, ಊಹೆಯಲ್ಲಿ ಬರೆದವನಿಗೂ ಪೂರ್ತಿ ಅಂಕ, ಯೋಚಿಸಿ ‘ಇಬ್ಬರೂ’ ಅಂದವಳಿಗೆ ಸೊನ್ನೆ. ಅದಕ್ಕೆ ನಾನು ಕೀಯಲ್ಲಿ ಉತ್ತರದ ಬದಲು ಒಪ್ಪಬಹುದಾದ ಪುರಾವೆಗಳನ್ನು ಬರೆದೆ: ಇಬ್ಬರ ಗಾತ್ರದ ವ್ಯತ್ಯಾಸ, ತಲೆ ಮೇಲಿನ ಕೈ, ರಕ್ತ, ಮಗುವಿಗೆ ಹೇಳುವಂಥ ಮಾತು. ತೀರ್ಮಾನಕ್ಕೆ ಒಂದಂಕ, ಪುರಾವೆಗೆ ಒಂದಂಕ. ತಿದ್ದೋರಿಗೆ ಕೆಲಸ ಜಾಸ್ತಿ, ನಿಜ.

ಕೊನೆಯ ಪ್ರಶ್ನೆ ಆ ಹುಡುಗನ ಮೊದಲ ಉತ್ತರದಿಂದಲೇ ಬಂತು. ‘1857ರಲ್ಲಿ ಸರ್ಕಾರ ದಯೆ ತೋರಿಸಿತು ಎಂದು ಈ ಚಿತ್ರದಿಂದ ಹೇಳಬಹುದೇ?’ ಜೊತೆಗೆ ಎರಡು ಸಾಲಿನ ಇನ್ನೊಂದು ಆಧಾರ: ಅದೇ ವರ್ಷ ಮೇ, ಜೂನ್‌ನಲ್ಲಿ ಅದೇ ಕ್ಯಾನಿಂಗ್ ಸರ್ಕಾರ ತಂದ ಕಾಯ್ದೆಗಳು. ಉತ್ತರ ಭಾರತಕ್ಕೆ ಸೇನಾ ಕಾನೂನು ಹೇರಿ, ದಂಗೆಯ ಅನುಮಾನ ಬಂದವರನ್ನು ವಿಚಾರಿಸಿ ಶಿಕ್ಷಿಸುವ ಅಧಿಕಾರವನ್ನು ಸೇನಾಧಿಕಾರಿಗಳಿಗಷ್ಟೇ ಅಲ್ಲ, ಸಾಮಾನ್ಯ ಬ್ರಿಟಿಷರಿಗೂ ಕೊಟ್ಟವು. ಎರಡನ್ನೂ ಪಕ್ಕಪಕ್ಕ ಇಟ್ಟರೆ, ಚಿತ್ರ ಕಲ್ಕತ್ತದ ಸರ್ಕಾರದ ದಯೆಗಿಂತ ಹೆಚ್ಚಾಗಿ ಲಂಡನ್ನಿನ ಸಿಟ್ಟಿಗೆ ಸಾಕ್ಷಿ ಅನ್ನೋದು ಮಕ್ಕಳಿಗೆ ತಾವಾಗಿ ಹೊಳೆಯಬಹುದು. ಹೊಳೆಯದಿದ್ದರೂ ‘ಈ ಚಿತ್ರವೊಂದೇ ಸಾಲದು’ ಅಂತ ಬರೆದರೆ ಅಂಕ ಕೊಡ್ತೀನಿ.

ಇದನ್ನೆಲ್ಲ ಕೇಳುತ್ತಾ ಕೂತಿದ್ದ ಕನ್ನಡ ಮೇಡಂ ನಡುವೆ ಬಾಯಿ ಹಾಕಿದರು. “ನೀವು ಲಂಡನ್ ಪತ್ರಿಕೆಗೆ ಯಾಕೆ ಹೋಗ್ತೀರ? ನಮ್ಮ ಹಲಗಲಿ ಬೇಡರ ಲಾವಣಿ ಇಲ್ವಾ?”

ಅವರ ಮಾತು ಖಾರವಾಗಿದ್ದರೂ ಸರಿಯಾಗಿತ್ತು. ಅದೇ ವರ್ಷ, ಚಿತ್ರ ಅಚ್ಚಾದ ತಿಂಗಳ ಮರು ತಿಂಗಳು, ಮುಧೋಳದ ಹತ್ತಿರದ ಹಲಗಲಿಯಲ್ಲಿ ಬೇಡರು ಆಯುಧ ಒಪ್ಪಿಸುವುದಿಲ್ಲ ಅಂತ ನಿಂತರು. ಸೈನ್ಯ ಬಂತು, ಊರಿಗೆ ಬೆಂಕಿ ಬಿತ್ತು, ಹಲವರನ್ನು ಗಲ್ಲಿಗೇರಿಸಿದರು. ಮಕ್ಕಳು ಆ ಲಾವಣಿಯನ್ನು ಕನ್ನಡ ಪೀರಿಯಡ್ಡಿನಲ್ಲಿ ಹತ್ತನೇ ಕ್ಲಾಸಿಗೇ ಓದಿ ಮುಗಿಸಿದ್ದಾರೆ. ಇತಿಹಾಸದ ಪೀರಿಯಡ್ಡಿಗೆ ಬಂದಾಗ ಅದು ಯಾರಿಗೂ ನೆನಪಾಗೋದಿಲ್ಲ, ಅದು ‘ಪದ್ಯ’. ಚಿತ್ರದಲ್ಲಿ ಆಯುಧ ಹಿಡಿದವನು ರಾಕ್ಷಸ, ಲಾವಣಿಯಲ್ಲಿ ಆಯುಧ ಕಿತ್ತುಕೊಳ್ಳೋಕೆ ಬಂದವನು ಶತ್ರು. ಲಾವಣಿಯೂ ಪಕ್ಷ ವಹಿಸುತ್ತದೆ. ಹಾಡಿದವರು ಯಾರು, ಕೇಳಿದವರು ಯಾರು ಅಂತ ಅದಕ್ಕೂ ಕೇಳಬೇಕು.

“ಕೇಳಿ, ಆದರೆ ನಾಲ್ಕೇ ಸಾಲು ಕತ್ತರಿಸಿ ಹಾಕಬೇಡಿ” ಅಂತ ಅವರ ಷರತ್ತು. ಪೂರ್ತಿ ಲಾವಣಿ ಹಾಕಿದರೆ ಮತ್ತೊಂದು ಹಾಳೆ. ಸೋಮವಾರ ಆಫೀಸಿನವರ ಹತ್ತಿರ ಮತ್ತೆ ಜಗಳ ಇದೆ.