ಒಂಬತ್ತೋ, ಹದಿನೈದೋ?

ಎಂಟನೇ ತರಗತಿಯ ಒಬ್ಬ ಹುಡುಗ ಊರಿನ ಕೆರೆಯ ಬಗ್ಗೆ ಮೂರು ನಿಮಿಷ ಮಾತಾಡಿದ. ಕೋಡಿ ಬಿದ್ದ ವರ್ಷವೂ ಯುಗಾದಿ ಹೊತ್ತಿಗೆ ಕೆರೆ ಬತ್ತುವುದೇಕೆ ಎಂಬುದೇ ಅವನ ವಿಷಯ. ಹೂಳು ತುಂಬಿದ ಕೆರೆ ಬೇಗ ತುಂಬುತ್ತದೆ, ಬೇಗ ಬರಿದಾಗುತ್ತದೆ ಎಂದು ವಿವರಿಸಿದ. ಆದರೆ ದನಿ ಸಣ್ಣದು, ಕಣ್ಣು ನೆಲದ ಮೇಲೆ, ‘ಹೂಳು’ ಎನ್ನುವುದು ‘ಊಳು’ ಎಂದೇ ಬರುತ್ತಿತ್ತು. ಕೇಳುತ್ತಿದ್ದ ನಮ್ಮಿಬ್ಬರು ಶಿಕ್ಷಕರಲ್ಲಿ ಒಬ್ಬರು 20ಕ್ಕೆ 9 ಕೊಟ್ಟರು, ಇನ್ನೊಬ್ಬರು 15.

ಅಂಕಪಟ್ಟಿಯಲ್ಲಿದ್ದ ಸಾಲುಗಳು ನಾಲ್ಕು: ವಿಷಯ, ಭಾಷೆ, ಉಚ್ಚಾರಣೆ, ಆತ್ಮವಿಶ್ವಾಸ. ಒಂದೊಂದಕ್ಕೂ 5 ಅಂಕ. 9 ಕೊಟ್ಟವರು ವಿಷಯಕ್ಕೆ 4, ಭಾಷೆಗೆ 2, ಉಚ್ಚಾರಣೆಗೆ 1, ಆತ್ಮವಿಶ್ವಾಸಕ್ಕೆ 2 ಬರೆದಿದ್ದರು. 15 ಕೊಟ್ಟವರದು 5, 4, 4, 2. ಪಕ್ಕಪಕ್ಕ ಇಟ್ಟಾಗ ಎಡವಟ್ಟು ಕಂಡಿತು. ಬಿದ್ದುಹೋದ ಹಕಾರಕ್ಕೆ ಮೊದಲನೆಯವರು ಭಾಷೆಯಲ್ಲೂ ಕಳೆದಿದ್ದರು, ಉಚ್ಚಾರಣೆಯಲ್ಲೂ ಕಳೆದಿದ್ದರು. ಒಂದೇ ತಪ್ಪಿಗೆ ಎರಡು ದಂಡ! ಹಳೇ ಮೈಸೂರಿನ ಹಳ್ಳಿಗಳಲ್ಲಿ ಮನೆಮಾತೇ ಹಾಗಿರುವಾಗ ಅದನ್ನು ತಪ್ಪೆನ್ನುವುದೂ ಸರಿಯಲ್ಲ. ಇನ್ನು ಆತ್ಮವಿಶ್ವಾಸ ಕಣ್ಣಿಗೆ ಕಾಣುವಂಥದ್ದಲ್ಲ. ಆ ಸಾಲಿನಲ್ಲಿ ಇಬ್ಬರೂ ಅಳೆದದ್ದು ಹುಡುಗನ ಸಂಕೋಚವನ್ನು.

ಪಟ್ಟಿಯನ್ನು ಹೊಸದಾಗಿ ಬರೆಯುವಾಗ ಒಂದೇ ಕಟ್ಟುಪಾಡು ಇಟ್ಟುಕೊಂಡೆವು: ಕಿವಿಗೆ ಬಿದ್ದದ್ದನ್ನು ಮಾತ್ರ ಬರೆಯಬೇಕು. ಹೊಸ ಸಾಲುಗಳು ವಿವರ, ಕ್ರಮ, ಕೇಳಿಸುವಿಕೆ, ಪ್ರಶ್ನೆಗೆ ಉತ್ತರ. ಪ್ರತಿ ಸಾಲಿಗೂ ನಾಲ್ಕೇ ಹಂತ. ಐದು ಹಂತ ಇದ್ದರೆ ಅನುಮಾನ ಬಂದಾಗಲೆಲ್ಲ ಕೈ ಮೂರರ ಮೇಲೇ ಹೋಗುತ್ತದೆ. ನಾಲ್ಕರಲ್ಲಿ ನಡು ಎಂಬುದೇ ಇಲ್ಲ. ವಿವರಕ್ಕೆ ಸಿಕ್ಕ ಹಂತವನ್ನು ಎರಡರಿಂದ ಗುಣಿಸಿದರೆ ಒಟ್ಟು ಮತ್ತೆ 20.

‘ಉತ್ತಮ’, ‘ಸಾಧಾರಣ’ ಎಂಬ ಮಾತುಗಳನ್ನು ಹೊಡೆದುಹಾಕಿದೆವು. ಕೇಳಿಸುವಿಕೆಯ ಸಾಲು ಹೀಗಾಯಿತು: ಕೊನೇ ಬೆಂಚಿಗೆ ಎಲ್ಲವೂ ಕೇಳಿ ಅರ್ಥವಾದರೆ 4, ಒಂದೆರಡು ಸಲ ‘ಜೋರಾಗಿ’ ಎನ್ನಬೇಕಾದರೆ 3, ಅರ್ಧದಷ್ಟು ಕೇಳದಿದ್ದರೆ 2, ಮುಂದಿನ ಬೆಂಚಿಗೂ ಕೇಳದಿದ್ದರೆ 1. ಅರ್ಥವಾಗುವವರೆಗೆ ‘ಊಳು’ ಎಂದರೂ ಅಂಕ ಹೋಗುವುದಿಲ್ಲ. ತೊದಲುವ ಮಗುವಿಗೂ ಇದೇ ಸಾಲು ಸಾಕು, ಏಕೆಂದರೆ ವೇಗಕ್ಕೆ ಪಟ್ಟಿಯಲ್ಲಿ ಜಾಗವಿಲ್ಲ. ಅಂಥ ಮಗುವಿಗೆ ಮೂರು ನಿಮಿಷದ ಗಂಟೆಯನ್ನೂ ಬಾರಿಸಬಾರದು.

ವಿವರದ ಸಾಲಿನಲ್ಲಿ ನಾವೇ ಎಡವಿದೆವು. ‘ಮೂರು ಉದಾಹರಣೆ ಇದ್ದರೆ 4’ ಎಂದು ಬರೆದಿದ್ದೆವು. ಎಣಿಸಲು ಸುಲಭ, ಹೌದು. ಆದರೆ ಒಬ್ಬಳು ನೀರಿನ ಉಪಯೋಗಗಳನ್ನು ಉಸಿರು ಬಿಡದೆ ಸಾಲಾಗಿ ಒಪ್ಪಿಸಿ ನಾಲ್ಕನ್ನೂ ಗಿಟ್ಟಿಸಿದಳು. ಕೆರೆಯ ಹುಡುಗ ಒಂದೇ ಕಾರಣವನ್ನು ಬಿಡಿಸಿ ಹೇಳಿ ಹಿಂದೆ ಬಿದ್ದ. ಆಮೇಲೆ ‘ತಾನೇ ನೋಡಿದ ಅಥವಾ ಕೇಳಿ ತಿಳಿದ ಒಂದು ಸಂಗತಿಯನ್ನಾದರೂ ಏಕೆ, ಹೇಗೆ ಎಂದು ಬಿಡಿಸಿದರೆ 4; ಸಂಗತಿ ಇದೆ, ಕಾರಣ ಅರ್ಧಕ್ಕೇ ನಿಂತರೆ 3; ಬರೀ ಪಟ್ಟಿಯಾದರೆ 2’ ಎಂದು ತಿದ್ದಿದೆವು. ವಿಷಯವನ್ನೇ ಬಿಟ್ಟು ಮಾತಾಡಿದರೆ 1.

ತರಗತಿಗೆ ತರುವ ಮುನ್ನ ಆರು ಮಕ್ಕಳ ಮಾತನ್ನು ಫೋನಿನಲ್ಲಿ ಹಿಡಿದು, ಇಬ್ಬರೂ ಬೇರೆಬೇರೆ ಕೂತು ಅಂಕ ಹಾಕಿದೆವು. ಫೋನು ಮುಂದಿನ ಮೇಜಿನ ಮೇಲಿದ್ದರೆ ಪಿಸುಮಾತೂ ಜೋರಾಗಿ ಕೇಳಿಸುತ್ತದೆ, ಆದ್ದರಿಂದ ಅದನ್ನು ಕೊನೇ ಬೆಂಚಿನ ಮೇಲಿಡಬೇಕು. ಒಂದು ಹಂತದ ವ್ಯತ್ಯಾಸ ಬಂದರೆ ಇಬ್ಬರೂ ಕೂತು ಮಾತಾಡಿದರೆ ಸಾಕು. ಎರಡು ಹಂತ ಬಂದರೆ ತಪ್ಪು ವಾಕ್ಯದ್ದು. ಆ ವಾಕ್ಯವನ್ನೇ ತಿದ್ದಬೇಕು.

ಕೆರೆಯ ಹುಡುಗನಿಗೆ ಈ ಸಲ ಒಬ್ಬರು ವಿವರಕ್ಕೆ 4 ಕೊಟ್ಟರು, ಗುಣಿಸಿದಾಗ 8. ಕ್ರಮಕ್ಕೆ 3, ಕೇಳಿಸುವಿಕೆಗೆ 2. ‘ತೆಗೆದ ಹೂಳನ್ನ ಏನು ಮಾಡ್ತಾರೆ?’ ಎಂದು ಕೇಳಿದ್ದಕ್ಕೆ ‘ಹೊಲಕ್ಕೆ ಹೊಡೀತಾರೆ ಸಾರ್, ಅದು ಗೊಬ್ಬರ ಇದ್ದಂಗೆ’ ಎಂದು ತಕ್ಷಣ ಹೇಳಿದ್ದಕ್ಕೆ 4. ಒಟ್ಟು 17. ಇನ್ನೊಬ್ಬರು ವಿವರಕ್ಕೆ 3 ಎಂದಿದ್ದರಿಂದ ಅವರದು 15. ಎರಡರಿಂದ ಗುಣಿಸುವುದರಲ್ಲಿ ಈ ತೊಂದರೆ ಇದ್ದೇ ಇದೆ: ಒಂದು ಹಂತದ ಭಿನ್ನಾಭಿಪ್ರಾಯ ಎರಡು ಅಂಕವಾಗುತ್ತದೆ. ಆದರೂ ಆರು ಅಂಕದ ಅಂತರ ಎರಡಕ್ಕೆ ಇಳಿದಿತ್ತು, ಅದೂ ಯಾವ ಸಾಲಿನದೆಂದು ಬೆರಳಿಟ್ಟು ತೋರಿಸುವ ಹಾಗೆ.

ತರಗತಿಯಲ್ಲಿ 42 ಮಕ್ಕಳು. ಒಬ್ಬರಿಗೆ ಮಾತು, ಪ್ರಶ್ನೆ, ಅಂಕ ಸೇರಿ ನಾಲ್ಕು ನಿಮಿಷ. 40 ನಿಮಿಷದ ಒಂದು ಪೀರಿಯಡ್‌ಗೆ ಹತ್ತೇ ಜನ. ಐದನೇ ದಿನ ಮಾತಾಡುವವರು ಉಳಿದವರನ್ನು ನೋಡಿ ಕಲಿತಿರುತ್ತಾರೆ, ಮೊದಲ ದಿನ ಶಿಕ್ಷಕರ ಕೈ ಬಿಗಿಯಾಗಿರುತ್ತದೆ. ಸರದಿಯನ್ನು ಚೀಟಿ ಎತ್ತಿ ಗೊತ್ತುಮಾಡಿದರೂ ಇದು ಪೂರ್ತಿ ಹೋಗುವುದಿಲ್ಲ. ಹಾಗಾಗಿ ಪಟ್ಟಿಯನ್ನು ಒಂದು ವಾರ ಮುಂಚೆಯೇ ಗೋಡೆಗೆ ಅಂಟಿಸಿದೆವು. ಪ್ರತಿದಿನ ಕೊನೆಯವರು ಮುಗಿಸಿದ ಮೇಲೆ ಮೊದಲ ಇಬ್ಬರ ಅಂಕಗಳನ್ನು ಮತ್ತೆ ಪಟ್ಟಿಯ ವಾಕ್ಯಗಳಿಗೆ ಹಿಡಿದು ನೋಡುತ್ತೇವೆ.